ಮಗುವಿನ ಬಾಯಲ್ಲಿ ಕಥೆ ಹೇಳಿಸುವುದು ಹೇಗೆ: ಕಂಡದ್ದು ಸರಿ, ಕಾರಣ ತಪ್ಪು

ಮಗು ಹೇಳುವ ಕಥೆ ಬರೆಯಲು ಕೂತವರು ಹೆಚ್ಚಾಗಿ ಒಂದು ಕಡೆ ಜಾರುತ್ತಾರೆ. ಮಗುವಿಗೆ ಕಮ್ಮಿ ಗೊತ್ತಿರಬೇಕು ಅಂದುಕೊಂಡು ಅದರ ಕಣ್ಣು ಕಿವಿಗಳನ್ನೇ ಅರ್ಧ ಮುಚ್ಚಿಬಿಡುತ್ತಾರೆ. ಆಗ ಕಥೆಯ ತುಂಬ "ಏನೋ ಆಗಿದೆ, ಏನು ಅಂತ ಗೊತ್ತಾಗ್ತಿಲ್ಲ" ಅನ್ನುವ ಮಂಜು. ಓದುವವರಿಗೂ ಏನೂ ಕಾಣುವುದಿಲ್ಲ.

ನಿಜವಾದ ಮಕ್ಕಳು ಹಾಗಿರುವುದಿಲ್ಲ, ಅಲ್ವಾ? ಅವರು ಎಲ್ಲವನ್ನೂ ನೋಡುತ್ತಾರೆ. ಯಾರು ಯಾವ ಬಾಗಿಲು ಹಾಕಿಕೊಂಡರು, ಯಾರ ದನಿ ಯಾವಾಗ ಸಣ್ಣದಾಯಿತು, ಎಲ್ಲ ಅವರಿಗೆ ಗೊತ್ತು. ಮತ್ತು ಅವರು "ಗೊತ್ತಿಲ್ಲ" ಅಂತ ಸುಮ್ನೆ ಇರುವುದೂ ಇಲ್ಲ. ಕಂಡದ್ದಕ್ಕೆಲ್ಲ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಆ ಕಾರಣವನ್ನು ಪೂರ್ತಿ ನಂಬುತ್ತಾರೆ, ಅದರ ಪ್ರಕಾರ ನಡೆದುಕೊಳ್ಳುತ್ತಾರೆ. ಮಗು ಹೇಳಿದ್ದಕ್ಕೂ ನಾವು ಓದಿ ತಿಳಿಯುವುದಕ್ಕೂ ನಡುವೆ ಇರುವ ಅಂತರ ಹುಟ್ಟುವುದು ಇಲ್ಲಿಂದ. ಕಂಡದ್ದು ಸರಿ, ಕಟ್ಟಿದ ಕಾರಣ ತಪ್ಪು.

ಇದನ್ನು ಒಂದೇ ಕಥೆ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಮಾಡೋಣ. 7 ವರ್ಷದ ಹುಡುಗಿ. ಅವಳ ಅಮ್ಮನಿಗೆ ಗರ್ಭ ಹೋಗಿದೆ. ಅವಳಿಗೆ ಯಾರೂ ಹೇಳಿಲ್ಲ.

ಮೊದಲು ದೊಡ್ಡವರ ಪುಟ ಬರೆದಿಡಿ

ಮಗುವಿನ ಒಂದು ಸಾಲು ಬರೆಯುವ ಮೊದಲೇ, ನಿಜವಾಗಿ ಏನಾಯಿತು ಅನ್ನುವುದನ್ನು ದೊಡ್ಡವರ ಭಾಷೆಯಲ್ಲಿ ಒಂದು ಪುಟ ಬರೆಯಿರಿ. ಇದು ಕಥೆಯೊಳಗೆ ಬರುವುದಿಲ್ಲ, ಪಕ್ಕದಲ್ಲಿ ಇಟ್ಟುಕೊಳ್ಳಲು ಅಷ್ಟೇ. ವಾರ, ಹೊತ್ತು ಎಲ್ಲ ಹಾಕಿ. ನಮ್ಮ ಕಥೆಗೆ ಆ ಪುಟ ಹೀಗಿದೆ.

ಅಮ್ಮನಿಗೆ 5 ತಿಂಗಳು ನಡೆಯುತ್ತಿತ್ತು. 2 ವರ್ಷದ ಹಿಂದೆಯೂ ಒಮ್ಮೆ ಗರ್ಭ ಹೋಗಿತ್ತು, ಆದರೆ ಆಗ ಇನ್ನೂ ಶುರುವಿನ ದಿನಗಳು, ಹುಡುಗಿಗೆ ವಿಷಯವೇ ತಿಳಿದಿರಲಿಲ್ಲ. ಈ ಸಲ ಮನೆಯಲ್ಲಿ ಧೈರ್ಯ ಬಂದು ಅಟ್ಟದಿಂದ ತೊಟ್ಟಿಲು ಇಳಿಸಿದ್ದರು, ಹೆಸರುಗಳ ಪಟ್ಟಿ ಮಾಡಿ ಫ್ರಿಜ್ ಮೇಲೆ ಸಿಕ್ಕಿಸಿದ್ದರು. ಭಾನುವಾರ ಅಪ್ಪ "ಪಾಪು ದೊಡ್ಡದಾದ ಮೇಲೆ ನಿನ್ನ ರೂಮಲ್ಲೇ ಮಲಗುತ್ತೆ" ಅಂದರು. ಹುಡುಗಿ "ನನ್ನ ರೂಮಲ್ಲಿ ಜಾಗ ಇಲ್ಲ, ಬರೋದು ಬೇಡ" ಅಂದಳು. ಎಲ್ಲರೂ ನಕ್ಕರು. ಸೋಮವಾರ ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಂಗಳವಾರ ಬೆಳಿಗ್ಗೆ ಮಗು ಹೋಯಿತು. ಚಿಕ್ಕಮ್ಮ ಮನೆಗೆ ಬಂದಳು. ಬುಧವಾರ ಸಂಜೆ ಅಮ್ಮ ವಾಪಸ್ ಬಂದಳು.

ಈ ಪುಟ ಯಾಕೆ ಬೇಕು ಅಂದರೆ, ನೀವೇ ನಿಜ ಏನು ಅಂತ ಅರೆಬರೆ ಯೋಚಿಸಿದ್ದರೆ ಮಗುವಿಗೆ ಕಾಣುವ ಗುರುತುಗಳೂ ಅರೆಬರೆ ಆಗುತ್ತವೆ. ಓದುಗರು ಜೋಡಿಸಲು ಹೋದಾಗ ತುಂಡುಗಳು ಕೂಡುವುದಿಲ್ಲ. ನನ್ನ ಮೊದಲ ಕಥೆಯಲ್ಲಿ ಇದೇ ಆಗಿತ್ತು. ಅಪ್ಪ ಮನೆ ಬಿಟ್ಟು ಹೋಗಿದ್ದಾನೋ, ತೀರಿಕೊಂಡಿದ್ದಾನೋ ಅನ್ನುವುದನ್ನು ನಾನೇ ತೀರ್ಮಾನ ಮಾಡಿರಲಿಲ್ಲ. ಮಗುವಿನ ಕಣ್ಣಲ್ಲಿ ಅಸ್ಪಷ್ಟವಾಗಿದ್ದರೆ ಚೆಂದ ಅಂದುಕೊಂಡಿದ್ದೆ. ಓದಿದ ಗೆಳತಿ ಎರಡು ದಿನ ಬಿಟ್ಟು ಫೋನ್ ಮಾಡಿ "ಕೊನೆಗೂ ಆಗಿದ್ದೇನು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಯಸ್ಸು ಗಟ್ಟಿ ಮಾಡಿಕೊಳ್ಳಿ

"ಸಣ್ಣ ಹುಡುಗಿ" ಅಂದರೆ ಸಾಲದು. 4, 7, 10 ಇವು ಮೂರು ಬೇರೆ ಬೇರೆ ತಲೆಗಳು.

1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಪುಟ್ಟ ಕಥೆ ಹೇಳಿ ಪರೀಕ್ಷೆ ಮಾಡಿದರು. ಹುಡುಗ ಚಾಕೊಲೇಟನ್ನು ಒಂದು ಕಡೆ ಇಟ್ಟು ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಡೆ ಇಡುತ್ತಾಳೆ. ವಾಪಸ್ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ತೀರಾ ಚಿಕ್ಕ ಮಕ್ಕಳು, ಅಂದರೆ 3 ವರ್ಷದವರು, ಚಾಕೊಲೇಟ್ ಈಗ ಇರುವ ಜಾಗವನ್ನೇ ತೋರಿಸುತ್ತಾರೆ. ತನಗೆ ಗೊತ್ತಿರುವುದು ಅವನಿಗೂ ಗೊತ್ತಿದೆ ಅಂತ ಅವರ ಲೆಕ್ಕ. 4–5 ದಾಟುವಾಗ ಹೆಚ್ಚಿನವರು ಸರಿಯಾಗಿ ಹೇಳುತ್ತಾರೆ.

ಬರೆಯುವವರಿಗೆ ಇದರಿಂದ ಏನು ಉಪಯೋಗ? ನಿಮ್ಮ ಮಗು 3ರದ್ದಾದರೆ, ಬೇರೆಯವರು ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಯೋಚನೆಯೇ ಅದಕ್ಕೆ ಬರಬಾರದು. 7ರ ಹುಡುಗಿಗೆ ದೊಡ್ಡವರು ಮುಚ್ಚಿಡುತ್ತಾರೆ ಅಂತ ಚೆನ್ನಾಗಿ ಗೊತ್ತು. ಅವಳೂ ಮುಚ್ಚಿಡಬಲ್ಲಳು. ಸಾವು ಅಂದರೆ ತಿರುಗಿ ಬರದ ಹಾಗೆ ಹೋಗುವುದು ಅನ್ನುವುದು ಹೆಚ್ಚಿನ ಮಕ್ಕಳಿಗೆ 5ರಿಂದ 7ರ ನಡುವೆ ಅರ್ಥವಾಗುತ್ತದೆ, ಹಾಗಾಗಿ ನಮ್ಮ ಹುಡುಗಿಗೆ ಸಾವು ಗೊತ್ತು. ಆದರೆ ಇನ್ನೂ ಹುಟ್ಟದೇ ಇದ್ದದ್ದು ಸಾಯಬಹುದು ಅನ್ನುವುದು ಅವಳ ಲೆಕ್ಕದಲ್ಲಿ ಇಲ್ಲ. ಈ ಒಂದು ತೂತು ಸಾಕು. ಇಡೀ ಕಥೆ ಅದರ ಮೂಲಕವೇ ಹೋಗುತ್ತದೆ. ಉಳಿದ ವಿಷಯಗಳಲ್ಲಿ ಅವಳು ಜಾಣೆಯಾಗಿರಲಿ. ಎಲ್ಲದರಲ್ಲೂ ಪೆದ್ದು ಮಾಡಿದರೆ ಓದುಗರಿಗೆ ಅವಳ ಮಾತಿನ ಮೇಲೆ ನಂಬಿಕೆ ಹೋಗುತ್ತದೆ, ಆಗ ಅವಳು ಕಂಡದ್ದನ್ನೂ ಅವರು ನಂಬುವುದಿಲ್ಲ.

ಇನ್ನೊಂದು ಸಂಗತಿ ಈ ವಯಸ್ಸಿಗೆ ತುಂಬಾ ಮುಖ್ಯ. ಮನೆಯಲ್ಲಿ ಏನಾದರೂ ಕೆಟ್ಟದ್ದು ಆದಾಗ ಮಕ್ಕಳು ಅದಕ್ಕೆ ತಾವೇ ಕಾರಣ ಅಂದುಕೊಳ್ಳುವುದು ಬಹಳ. ಹೇಳಿದ ಒಂದು ಮಾತು, ಮನಸ್ಸಲ್ಲಿ ಅಂದುಕೊಂಡ ಒಂದು ಆಸೆ, ಅದರಿಂದಲೇ ಹೀಗಾಯಿತು ಅನ್ನುವ ಲೆಕ್ಕ. ದುಃಖದ ಮನೆಗಳ ಮಕ್ಕಳ ಜೊತೆ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುವ ವಿಷಯ. ನಮ್ಮ ಹುಡುಗಿಯ ಹತ್ತಿರ ಅಂಥ ಮಾತು ಒಂದಿದೆ, ಭಾನುವಾರ ಆಡಿದ್ದು.

ಅವಳು ಎಲ್ಲಿ ನಿಂತಿದ್ದಳು?

ಈಗ ದೊಡ್ಡವರ ಪುಟ ತೆಗೆದುಕೊಂಡು, ಒಂದೊಂದು ಸಂಗತಿಯ ಎದುರೂ ಅದು ಮಗುವಿಗೆ ಹೇಗೆ ಮುಟ್ಟುತ್ತದೆ ಅಂತ ಬರೆಯಿರಿ. ಕಣ್ಣಿಗೆ ಬೀಳುತ್ತದೋ, ಕಿವಿಗೆ ಬೀಳುತ್ತದೋ, ಕೈಗೆ ಸಿಗುತ್ತದೋ. ಮುಟ್ಟದೇ ಇರುವುದನ್ನು ಬಿಟ್ಟುಬಿಡಿ. ಮಗುವಿನ ಎತ್ತರ ನೆನಪಿಡಿ, ಅದು ನಿಂತ ಜಾಗ ನೆನಪಿಡಿ.

ಆಸ್ಪತ್ರೆಯಿಂದ ಬಂದ ಚೀಲ ಹುಡುಗಿಯ ಎದೆ ಎತ್ತರಕ್ಕೆ ಇರುತ್ತದೆ, ಹಾಗಾಗಿ ಒಳಗೆ ಇಣುಕುತ್ತಾಳೆ. ಫ್ರಿಜ್ ಮೇಲಿನ ಹೆಸರಿನ ಚೀಟಿ ಹೋಗಿದೆ, ಅದನ್ನು ಹಿಡಿದಿದ್ದ ಚಿಟ್ಟೆಯ ಮ್ಯಾಗ್ನೆಟ್ ಮಾತ್ರ ಅಲ್ಲೇ ಇದೆ. ತೊಟ್ಟಿಲು ಮತ್ತೆ ಅಟ್ಟ ಸೇರಿದೆ. ಚಿಕ್ಕಮ್ಮ ಫೋನಿನಲ್ಲಿ ಮಾತಾಡಿದ್ದು ಅರ್ಧ ಕೇಳಿಸಿದೆ.

ಮತ್ತೆ ಒಂದು ಗುರುತು ಇದೆ. ನಾನು ಇದನ್ನು ಹಾಕಲೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. 4 ತಿಂಗಳು ದಾಟಿದ ಮೇಲೆ ಗರ್ಭ ಹೋದರೆ, ಮೂರು ನಾಲ್ಕು ದಿನಕ್ಕೆ ತಾಯಿಗೆ ಎದೆಹಾಲು ಬರುವುದುಂಟು. ಮಗು ಇಲ್ಲ ಅಂತ ಮೈಗೆ ಗೊತ್ತಾಗುವುದಿಲ್ಲ. ಮಂಗಳವಾರ ಮಗು ಹೋಗಿದ್ದರೆ ಹಾಲು ಬರುವ ಲೆಕ್ಕ ಶುಕ್ರವಾರಕ್ಕೆ ಸರಿಹೊಂದುತ್ತದೆ. ಹುಡುಗಿಗೆ ಕಾಣುವುದು ಇಷ್ಟೇ: ಅಮ್ಮನ ನೈಟಿ ಮುಂದುಗಡೆ ಒದ್ದೆಯಾಗಿದೆ.

ಈ ಗುರುತುಗಳನ್ನು ಆರಿಸುವಾಗ ನಾನು ಒಂದು ಲೆಕ್ಕ ಇಟ್ಟುಕೊಳ್ಳುತ್ತೇನೆ. ಒಂದೊಂದಕ್ಕೂ ಬಿಡಿಯಾಗಿ ನೋಡಿದರೆ ಎರಡು ಅರ್ಥ ಇರಬೇಕು. ಚೀಟಿ ಬಿದ್ದುಹೋಗಿರಬಹುದು, ನೀರು ಚೆಲ್ಲಿರಬಹುದು. ಮೂರು ನಾಲ್ಕನ್ನು ಒಟ್ಟಿಗೆ ಇಟ್ಟರೆ ಮಾತ್ರ ಒಂದೇ ಅರ್ಥ ಉಳಿಯಬೇಕು. ಒಂದೇ ಗುರುತಿಗೆ ಎಲ್ಲ ಗೊತ್ತಾಗಿಬಿಟ್ಟರೆ ಉಳಿದ ಪುಟಗಳಲ್ಲಿ ಓದುಗರು ಹುಡುಗಿ ಯಾವಾಗ ತಮ್ಮ ಜಾಗಕ್ಕೆ ಬಂದು ಮುಟ್ಟುತ್ತಾಳೆ ಅಂತ ಸುಮ್ನೆ ಕಾಯುತ್ತಾರೆ. ಎದೆಹಾಲಿನ ಗುರುತು ತಿಳಿದವರಿಗೆ ಮಾತ್ರ ತಟ್ಟುತ್ತದೆ, ತಿಳಿಯದವರು ಒದ್ದೆ ಬಟ್ಟೆ ಅಂತ ಮುಂದೆ ಹೋಗುತ್ತಾರೆ. ಅವರಿಗೂ ಕಥೆ ತಪ್ಪುವುದಿಲ್ಲ. ಅಂಥದ್ದು ಒಂದು ಇರಲಿ, ಎರಡು ಬೇಡ.

"ಅದಕ್ಕೇ" ಅನ್ನುವ ಕೀಲು

ಈ ಕೆಲಸದ ಹೃದಯ ಇದು, ಇಲ್ಲಿ ನಿಧಾನವಾಗಿ ಹೋಗೋಣ.

ಮಕ್ಕಳ ಮಾತನ್ನು ಕಿವಿಗೊಟ್ಟು ಕೇಳಿ. "ಅದಕ್ಕೇ" ಅನ್ನುವ ಪದ ಎಷ್ಟು ಸಲ ಬರುತ್ತದೆ ನೋಡಿ. "ಅವನು ನನ್ನ ಪೆನ್ಸಿಲ್ ತಗೊಂಡ, ಅದಕ್ಕೇ ಮಳೆ ಬಂತು" ಅನ್ನುವಷ್ಟು ಸಲೀಸಾಗಿ ಎರಡು ಸಂಗತಿಗಳನ್ನು ಜೋಡಿಸುತ್ತಾರೆ. ಪೆನ್ಸಿಲ್ ತಗೊಂಡಿದ್ದು ನಿಜ. ಮಳೆ ಬಂದಿದ್ದೂ ನಿಜ. ಕೀಲು ಮಾತ್ರ ತಪ್ಪು.

ನಿಮ್ಮ ಕಥೆಯಲ್ಲೂ ಅಷ್ಟೇ ಮಾಡಿ. ಕೀಲಿನ ಆಚೆ ಈಚೆ ಇರುವ ಎರಡೂ ಸಂಗತಿಗಳು ಪೂರ್ತಿ ನಿಜವಾಗಿರಲಿ. ಓದುಗರು ಆ ತಪ್ಪು ಕೀಲನ್ನು ಬಿಚ್ಚಿ, ಅದೇ ಎರಡು ಸಂಗತಿಗಳ ನಡುವೆ ಸರಿಯಾದ ಕೀಲು ಹಾಕಿಕೊಳ್ಳುತ್ತಾರೆ. ನೀವು ಅವರಿಗೆ ಕೊಡಬೇಕಾದ್ದು ನಿಖರವಾದ ಸಂಗತಿಗಳು, ಅಷ್ಟೇ. ಸಂಗತಿಯೂ ತಪ್ಪು, ಕೀಲೂ ತಪ್ಪು ಆದರೆ ಅವರ ಕೈಗೆ ಹಿಡಿಯಲು ಏನೂ ಇರುವುದಿಲ್ಲ.

ಆ ತಪ್ಪು ಕಾರಣ ಎಲ್ಲಿಂದ ಬರಬೇಕು? ಮಗುವಿನ ಲೋಕದ ಕಾನೂನುಗಳಿಂದ. ಮಕ್ಕಳ ಲೋಕದಲ್ಲಿ ಸರದಿ ಇದೆ, ಜಾಗ ಹಿಡಿಯುವುದು ಇದೆ, ಪಾಲು ಮಾಡುವುದು, ಮಾತು ಕೊಡುವುದು, ಶಿಕ್ಷೆ, ಮಾಫಿ ಇದೆ. ನಮ್ಮ ಹುಡುಗಿ ಜಾಗದ ಕಾನೂನು ಹಿಡಿಯುತ್ತಾಳೆ. ನಾನು ಜಾಗ ಇಲ್ಲ ಅಂದೆ, ಅದಕ್ಕೇ ಪಾಪು ಬರಲಿಲ್ಲ. ಇದು ಒಂದು ಸಿದ್ಧಾಂತದಷ್ಟೇ ಗಟ್ಟಿ. ಮುಖ್ಯ ಏನೆಂದರೆ ಇದರಿಂದ ಅವಳಿಗೆ ಮಾಡಲು ಒಂದು ಕೆಲಸ ಸಿಗುತ್ತದೆ: ಜಾಗ ಮಾಡಿಕೊಟ್ಟರೆ ಪಾಪು ಬರಬೇಕಲ್ವಾ? ಕಾರಣ ತಪ್ಪಾಗಿದ್ದು, ಅದರಿಂದ ಹೊರಡುವ ಕೆಲಸ ಕಣ್ಣಿಗೆ ಕಾಣುವ ಹಾಗಿದ್ದರೆ ಕಥೆ ತಾನಾಗಿ ನಡೆಯುತ್ತದೆ. ಬರೀ ತಪ್ಪು ತಿಳಿದುಕೊಂಡು ಕೂತ ಮಗುವಿನಿಂದ ಕಥೆ ಹುಟ್ಟುವುದು ಕಷ್ಟ.

ಕದ್ದು ಕೇಳಿದ ಮಾತು

ದೊಡ್ಡವರ ಮಾತನ್ನು ಮಗುವಿನ ಕಿವಿಗೆ ಹಾಕುವಾಗ ಎಚ್ಚರ ಬೇಕು. "ಪಾಪ, 5 ತಿಂಗಳ ಮಗು ಹೊಟ್ಟೆಯಲ್ಲೇ ಹೋಗಿಬಿಡ್ತು, ಹುಡುಗಿಗೆ ಹೇಳಬೇಡಿ" ಅಂತ ಚಿಕ್ಕಮ್ಮ ಹೇಳಿದರೆ ಅದು ಓದುಗರಿಗೆ ಹೇಳಿದ ಮಾತು. ಜನ ಹಾಗೆ ಮಾತಾಡುವುದಿಲ್ಲ. ಇಬ್ಬರಿಗೂ ಗೊತ್ತಿರುವ ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅರ್ಧ ನುಂಗುತ್ತಾರೆ.

ಚಿಕ್ಕಮ್ಮ ನಿಜವಾಗಿ ಹೇಳುವುದು ಹೀಗಿರುತ್ತದೆ: "ಈ ಸಲವೂ ನಿಲ್ಲಲಿಲ್ಲ ಕಣೇ."

ಈ ನಾಲ್ಕು ಪದ ಹತ್ತಿರದಿಂದ ನೋಡಿ. "ನಿಲ್ಲಲಿಲ್ಲ" ಅಂದರೆ ದೊಡ್ಡವರಿಗೆ ಒಂದೇ ಅರ್ಥ, ಗರ್ಭ ನಿಲ್ಲಲಿಲ್ಲ. 7ರ ಹುಡುಗಿಗೆ ನಿಲ್ಲುವುದು ಅಂದರೆ ಒಂದು ಕಡೆ ಬಂದು ನಿಲ್ಲುವುದು. ನಿಲ್ಲಲಿಲ್ಲ ಅಂದರೆ ಬಂದಿತ್ತು, ಆದರೆ ಉಳಿಯದೆ ಹೊರಟುಹೋಯಿತು. ಜಾಗ ಇಲ್ಲ ಅಂತ ಹೇಳಿದ್ದಕ್ಕೆ ಇದು ಸಾಕ್ಷಿಯೇ ಆಗಿಬಿಡುತ್ತದೆ. ಇನ್ನು "ಸಲವೂ" ಅನ್ನುವುದರ ಕೊನೆಯ ಆ "ಊ". ಎರಡು ವರ್ಷದ ಹಿಂದಿನ ದುಃಖ ಪೂರ್ತಿ ಆ ಒಂದು ದೀರ್ಘದಲ್ಲಿದೆ. ಹುಡುಗಿ ಅದನ್ನು ಕೇಳಿಸಿಕೊಂಡೂ ದಾಟಿಹೋಗುತ್ತಾಳೆ. ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಓದುಗರು ಅಲ್ಲಿ ನಿಲ್ಲುತ್ತಾರೆ.

ಇಂಥ ಎರಡು ಮುಖದ ಮಾತುಗಳು ನಮ್ಮ ಆಡುಮಾತಿನಲ್ಲಿ ಬೇಕಾದಷ್ಟಿವೆ. ಸಾವು, ಸಾಲ, ಬಸಿರು, ಜಗಳ, ಕಾಯಿಲೆ, ಇವನ್ನೆಲ್ಲ ನಾವು ನೇರವಾಗಿ ಹೇಳುವುದಿಲ್ಲ. "ಹೋಗಿಬಿಟ್ಟರು", "ಕೈ ಬಿಟ್ಟರು", "ಮುಳುಗಿದ", "ದಿನ ತುಂಬಿದೆ". ಒಂದೊಂದನ್ನೂ ಮಗುವಿನ ಕಿವಿಯಲ್ಲಿ ಇಟ್ಟು ಕೇಳಿಸಿಕೊಳ್ಳಿ. ನಿಮ್ಮ ಕಥೆಗೆ ಬೇಕಾದ ಮಾತು ಅಲ್ಲೇ ಸಿಗುತ್ತದೆ, ಶ್ಲೇಷೆ ಹೊಸೆಯುತ್ತ ಕೂರಬೇಕಿಲ್ಲ.

ಕನ್ನಡ ನಮಗೆ ಕೊಟ್ಟಿರುವ "ಅಂತೆ"

ಕಣ್ಣಾರೆ ಕಂಡದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡ ವಾಕ್ಯದ ಬಾಲದಲ್ಲೇ ತೋರಿಸುತ್ತದೆ. "ಅಮ್ಮನಿಗೆ ತಲೆನೋವು" ಅಂದರೆ ನನಗೆ ಗೊತ್ತು. "ಅಮ್ಮನಿಗೆ ತಲೆನೋವಂತೆ" ಅಂದರೆ ಯಾರೋ ಹೇಳಿದ್ದು. ಮಕ್ಕಳ ಮಾತಿನಲ್ಲೂ ಇದು ಬರುತ್ತಲೇ ಇರುತ್ತದೆ. ಹಾಗಾಗಿ 7ರ ಹುಡುಗಿಯ ಬಾಯಲ್ಲಿ ಇದು ಸಹಜ.

"ಅಮ್ಮನಿಗೆ ತಲೆನೋವಂತೆ. ಅವಳು ಕೈ ಹೊಟ್ಟೆ ಮೇಲೆ ಇಟ್ಟುಕೊಂಡಿದ್ದಳು."

ಎರಡು ವಾಕ್ಯ. ಮೊದಲನೆಯದು ಮನೆಯವರು ಹೇಳಿದ್ದು, ಎರಡನೆಯದು ಅವಳು ಕಂಡದ್ದು. ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾಳೆ, "ಆದರೆ" ಅನ್ನುವುದಿಲ್ಲ. ನೀವೂ ಅನ್ನಬೇಡಿ. "ಆದರೆ" ಹಾಕಿದ ಕೂಡಲೇ ಅವಳಿಗೆ ಅನುಮಾನ ಬಂದಂತಾಗುತ್ತದೆ. ಕರಡು ತಿದ್ದುವಾಗ ನಾನು ಈ "ಆದರೆ"ಗಳನ್ನೇ ಮೊದಲು ಹುಡುಕಿ ತೆಗೆಯುತ್ತೇನೆ.

ಪದಗಳ ವಿಷಯ ಬೇಗ ಮುಗಿಸುತ್ತೇನೆ. ಹೋಲಿಕೆ ಬೇಕಾದರೆ ಮಗು ಮುಟ್ಟಿದ ವಸ್ತುಗಳಿಂದಲೇ ಬರಲಿ. ತೊದಲು ನುಡಿ ಬೇಡ, 7ಕ್ಕೆ ಹೆಚ್ಚಿನ ಮಕ್ಕಳು ತೊದಲುವುದಿಲ್ಲ. ಮೌನ, ಶೂನ್ಯ, ವಿಷಾದ ಇಂಥ ಪದಗಳು ಹುಡುಗಿಯ ಬಾಯಲ್ಲಿ ಬಂದರೆ ಅದು ನಿಮ್ಮ ಬಾಯಿ. ಮಗುವಿಗೆ ಪದ ಸಾಲುವುದಿಲ್ಲ ಅಂತ ನಿಜವಾಗಿ ಅನ್ನಿಸಿದರೆ "ನಾನು" ಬಿಟ್ಟು "ಅವಳು" ಅಂತ ಬರೆಯುವ ದಾರಿಯೂ ಇದೆ. ಹೆನ್ರಿ ಜೇಮ್ಸ್ 1897ರಲ್ಲಿ "ವಾಟ್ ಮೇಸಿ ನ್ಯೂ" ಕಾದಂಬರಿಯಲ್ಲಿ ಹಾಗೆ ಮಾಡಿದ. ತಂದೆ ತಾಯಿ ಬೇರೆಯಾದ ಹುಡುಗಿಯ ಕಥೆ ಅದು. ಮಕ್ಕಳ ಅರಿವು ಅವರ ಪದಗಳಿಗಿಂತ ಯಾವಾಗಲೂ ದೊಡ್ಡದು ಅಂತ ಮುಂದೆ ಅದರ ಮುನ್ನುಡಿಯಲ್ಲಿ ಬರೆದ. ಕಾಣುವುದೆಲ್ಲ ಅವಳಿಗೆ, ಹೇಳುವ ಪದ ಮಾತ್ರ ಅವನದು. ಸಣ್ಣ ಕಥೆಗೆ ನನಗೆ "ನಾನು" ಇಷ್ಟ, ಏಕೆಂದರೆ ತಪ್ಪು ಕಾರಣವನ್ನು ಮಗು ತಾನೇ ಹೇಳಿದಾಗ ಅದು ಹೆಚ್ಚು ತಟ್ಟುತ್ತದೆ.

ಒಂದೇ ದೃಶ್ಯ, ಎರಡು ಸಲ

ಬುಧವಾರ ಸಂಜೆ, ಅಮ್ಮ ಮನೆಗೆ ಬರುತ್ತಾಳೆ. ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ:

"ಅಮ್ಮ ಆಸ್ಪತ್ರೆಯಿಂದ ಬಂದಳು. ಅವಳ ಮುಖ ಬಾಡಿತ್ತು, ಕಣ್ಣುಗಳಲ್ಲಿ ಏನೋ ಕಳೆದುಕೊಂಡ ಭಾವ. ಮನೆಯಲ್ಲಿ ವಿಚಿತ್ರವಾದ ಮೌನ ಕವಿದಿತ್ತು. ದೊಡ್ಡವರೆಲ್ಲ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಪಾಪು ಎಲ್ಲಿ ಅಂತ ಕೇಳಬೇಕು ಅಂದುಕೊಂಡೆ, ಯಾಕೋ ಧೈರ್ಯ ಬರಲಿಲ್ಲ. ಆಗ ನನಗೆ ಗೊತ್ತಿರಲಿಲ್ಲ, ಆ ಪಾಪು ಎಂದೂ ಬರುವುದಿಲ್ಲ ಅಂತ."

ಇಲ್ಲಿ ಒಂದು ಸಂಗತಿಯೂ ಇಲ್ಲ ನೋಡಿ. ಮುಖ, ಭಾವ, ಮೌನ ಎಲ್ಲ ಬರೆದವರು ಆಗಲೇ ಅರ್ಥ ಮಾಡಿ ಕೊಟ್ಟದ್ದು. ಕೊನೆಯ ಸಾಲಿನಲ್ಲಿ ದೊಡ್ಡವಳಾದ ಹುಡುಗಿ ಬಂದು ಎಲ್ಲ ಹೇಳಿಬಿಡುತ್ತಾಳೆ, ಓದುಗರಿಗೆ ಕೆಲಸವೇ ಉಳಿಯುವುದಿಲ್ಲ. ಈಗ ಪಟ್ಟಿ ಮಾಡಿಕೊಂಡ ಗುರುತುಗಳನ್ನು ಇಟ್ಟುಕೊಂಡು ಮತ್ತೆ ಬರೆಯೋಣ:

"ಅಮ್ಮ ಬಂದಳು. ಚೀಲ ಅಪ್ಪ ಹಿಡಿದುಕೊಂಡಿದ್ದರು. ನಾನು ಒಳಗೆ ನೋಡಿದೆ. ಅಮ್ಮನ ಬಟ್ಟೆ, ಬಾಚಣಿಗೆ, ನೀರಿನ ಬಾಟಲಿ ಇತ್ತು. ಅಷ್ಟೇ ಇತ್ತು. ಚಿಕ್ಕಮ್ಮ ನನಗೆ ಹೊರಗೆ ಹೋಗಿ ಆಡ್ಕೋ ಅಂದಳು. ಹೊರಗೆ ಕತ್ತಲಾಗಿತ್ತು. ನಾನು ಅಡುಗೆಮನೆಗೆ ಹೋದೆ. ಫ್ರಿಜ್ ಮೇಲೆ ಹೆಸರಿನ ಚೀಟಿ ಇರಲಿಲ್ಲ, ಚಿಟ್ಟೆ ಇತ್ತು. ಚೀಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ನಾನು ಒಂದು ಹೆಸರು ಬರೆದಿದ್ದೆ. ಅದು ಗೆರೆ ದಾಟಿ ಹೋಗಿತ್ತು. ಅದಕ್ಕೇ ತೆಗೆದಿರಬೇಕು. ಇನ್ನೊಂದು ಸಲ ಚೆನ್ನಾಗಿ ಬರೆದುಕೊಡುತ್ತೇನೆ."

ಚೀಲದೊಳಗೆ ಅವಳು ಏನನ್ನು ಹುಡುಕಿದಳು ಅಂತ ಹೇಳಿಲ್ಲ. "ಅಷ್ಟೇ ಇತ್ತು" ಅನ್ನುವುದರಲ್ಲಿ ಅದು ಬಂದುಹೋಯಿತು. ಕತ್ತಲಲ್ಲಿ ಆಡಲು ಕಳಿಸುವ ಚಿಕ್ಕಮ್ಮನ ತಲೆ ಎಲ್ಲಿದೆ ಅನ್ನುವುದು ಓದುಗರಿಗೆ ಗೊತ್ತಾಗುತ್ತದೆ, ಹುಡುಗಿಗೆ ಅದು ಬರೀ ಕತ್ತಲು. "ಅದಕ್ಕೇ" ಇಲ್ಲಿ ಮೊದಲ ಸಲ, ಸಣ್ಣ ವಿಷಯಕ್ಕೆ ಬಂದಿದೆ. ಓದುಗರು ಅವಳ ತಪ್ಪು ಕೀಲಿಗೆ ಇಲ್ಲೇ ಒಗ್ಗಿಕೊಳ್ಳುತ್ತಾರೆ, ಹಾಗಾಗಿ ಶುಕ್ರವಾರ ದೊಡ್ಡ "ಅದಕ್ಕೇ" ಬಂದಾಗ ಅದನ್ನು ಹೇಗೆ ಓದಬೇಕು ಅಂತ ಅವರಿಗೆ ಗೊತ್ತಿರುತ್ತದೆ:

"ಚಿಕ್ಕಮ್ಮ ಫೋನಿನಲ್ಲಿ 'ಈ ಸಲವೂ ನಿಲ್ಲಲಿಲ್ಲ ಕಣೇ' ಅಂದಳು. ನಿಲ್ಲಲಿಲ್ಲ ಅಂದರೆ ಬಂದಿತ್ತು. ಬಂದು ನೋಡಿ ಹೋಗಿದೆ. ನಾನು ಭಾನುವಾರ ಜಾಗ ಇಲ್ಲ ಅಂದಿದ್ದೆ, ಅದಕ್ಕೇ. ಅಮ್ಮನ ಹತ್ತಿರ ಹೋದೆ. ಅವಳ ನೈಟಿ ಮುಂದೆ ಎರಡು ಕಡೆ ಒದ್ದೆಯಾಗಿತ್ತು. ನೀರು ಚೆಲ್ಲಿಕೊಂಡಿದ್ದಾಳೆ. ನಾನು ಟವೆಲ್ ತಂದುಕೊಟ್ಟೆ. ಅಮ್ಮ ಟವೆಲ್ ಇಸ್ಕೊಂಡು ಮುಖ ಒರೆಸಿಕೊಂಡಳು. ಮುಖ ಒದ್ದೆ ಆಗಿರಲಿಲ್ಲ."

ಈ ಕೊನೆಯ ವಾಕ್ಯವನ್ನು ನಾನು ಮೊದಲು "ಮುಖವೂ ಒದ್ದೆಯಾಗಿತ್ತು" ಅಂತ ಬರೆದಿದ್ದೆ. ಆಗ ಕಣ್ಣೀರು ಸೀದಾ ಕಾಣುತ್ತಿತ್ತು. ಒದ್ದೆಯಿಲ್ಲದ ಮುಖಕ್ಕೆ ಟವೆಲ್ ಹಿಡಿದುಕೊಂಡಳು ಅಂದರೆ, ಮಗಳಿಗೆ ಮುಖ ಕಾಣಬಾರದು ಅಂತ ಅಲ್ವಾ.

ಎಲ್ಲಿ ಕೆಡುತ್ತದೆ, ಹೇಗೆ ಗೊತ್ತಾಗುತ್ತದೆ

ಹೆಚ್ಚಾಗಿ ಕೆಡುವುದು ಮುದ್ದಿನಿಂದ. ಮಗು ತಪ್ಪು ತಿಳಿದುಕೊಂಡದ್ದು ಓದುಗರಿಗೆ ನಗು ತರಲಿ ಅಂತ ಬರೆದರೆ, ನೀವು ಓದುಗರ ಜೊತೆ ಸೇರಿ ಮಗುವಿನ ಬೆನ್ನ ಹಿಂದೆ ಕಣ್ಣು ಹೊಡೆದ ಹಾಗೆ. ಗುರುತು ಹಿಡಿಯುವುದು ಸುಲಭ. ಆ ವಾಕ್ಯವನ್ನು ಜೋರಾಗಿ ಓದಿ. ನಿಮ್ಮ ದನಿ ತಾನಾಗಿ ಮುದ್ದು ಮುದ್ದಾದರೆ ಅದನ್ನು ಹೊಡೆದುಹಾಕಿ. ಅವಳು ಅದನ್ನು ನಿಜವಾದ ಲೆಕ್ಕ ಅಂತಲೇ ಹೇಳುತ್ತಿದ್ದಾಳೆ, ನೀವೂ ಹಾಗೇ ಓದುವಂತಿರಬೇಕು.

ಇನ್ನೊಂದು, ಮಗುವಿಗೆ ತುಂಬಾ ಅನುಕೂಲಕ್ಕೆ ಸರಿಯಾಗಿ ಎಲ್ಲವೂ ಕಾಣುವುದು. ಪ್ರತಿ ಸಾಲೂ ಗುಟ್ಟಿನ ಗುರುತೇ ಆದರೆ ಅವಳು ಮಗುವಿನಂತೆ ಕಾಣದೆ ಬರೆದವರು ಇಟ್ಟ ಕ್ಯಾಮರಾದಂತೆ ಕಾಣುತ್ತಾಳೆ. ಅವಳಿಗೆ ಅವಳದೇ ಕೆಲಸಗಳಿರಲಿ. ಅಲ್ಲಾಡುವ ಹಲ್ಲು, ಮುರಿದ ಬಣ್ಣದ ಪೆನ್ಸಿಲ್. ಎರಡು ಬಣ್ಣದ ಪೆನ್ನು ತೆಗೆದುಕೊಂಡು, ಗುಟ್ಟಿಗೆ ಸೇರಿದ ವಾಕ್ಯಗಳಿಗೆ ಒಂದು ಬಣ್ಣ, ಬರೀ ಅವಳ ಬದುಕಿಗೆ ಸೇರಿದವಕ್ಕೆ ಇನ್ನೊಂದು ಬಣ್ಣ ಗೆರೆ ಎಳೆದು ನೋಡಿ. ಅರ್ಧಕ್ಕರ್ಧ ಆದರೂ ಅವಳ ಬದುಕು ಇರಬೇಕು ಅನ್ನುವುದು ನನ್ನ ಅಂದಾಜು.

ಕೊನೆಗೆ ವಿಷಯ ಗೊತ್ತಿಲ್ಲದ ಇಬ್ಬರಿಗೆ ಓದಲು ಕೊಡಿ. "ಹೇಗಿದೆ?" ಅಂತ ಕೇಳಬೇಡಿ. "ಮನೆಯಲ್ಲಿ ಏನಾಗಿದೆ? ಯಾವ ಸಾಲಿನಲ್ಲಿ ಗೊತ್ತಾಯ್ತು?" ಅಂತ ಕೇಳಿ, ಅವರು ಬೆರಳಿಟ್ಟು ತೋರಿಸಲಿ. ಇಬ್ಬರೂ ಚೀಲದ ಹತ್ತಿರವೇ ಹೇಳಿಬಿಟ್ಟರೆ ನಿಮ್ಮ ಮೊದಲ ಗುರುತು ಜೋರಾಯಿತು. ಫೋನಿನ ಮಾತು ದಾಟಿದರೂ ಗೊತ್ತಾಗದಿದ್ದರೆ ಒಂದು ಗುರುತು ಕಮ್ಮಿ ಇದೆ. ಆಗ ಹುಡುಗಿಗೆ ಹೆಚ್ಚು ತಿಳಿಯುವಂತೆ ಮಾಡಬೇಡಿ, ಹೆಚ್ಚು ಕಾಣುವಂತೆ ಮಾಡಿ. ತೊಟ್ಟಿಲು ಅಟ್ಟಕ್ಕೆ ಹತ್ತುವುದನ್ನು ಅವಳ ಕಣ್ಣೆದುರೇ ಇಡಿ, ಉದಾಹರಣೆಗೆ. ಒಬ್ಬರು "ಹೆರಿಗೆಯಲ್ಲಿ ಮಗು ತೀರಿಕೊಂಡಿದೆ" ಅಂದು ಇನ್ನೊಬ್ಬರು "ಗರ್ಭ ಹೋಗಿದೆ" ಅಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಈ ಕಥೆಗೆ ಆ ವ್ಯತ್ಯಾಸ ದೊಡ್ಡದಲ್ಲ. "ಅಮ್ಮನಿಗೆ ಏನೋ ದೊಡ್ಡ ಕಾಯಿಲೆ" ಅಂದರೆ ಮಾತ್ರ ದೊಡ್ಡವರ ಪುಟಕ್ಕೆ ವಾಪಸ್ ಹೋಗಿ.

ಮುಗಿಸುವ ಜಾಗ

ಕೊನೆಯಲ್ಲಿ ಹುಡುಗಿಗೆ ನಿಜ ಹೇಳಿಸಬೇಕು ಅನ್ನುವ ಆಸೆ ಬರುತ್ತದೆ. ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಾರೆ, ಅವಳು ಅಳುತ್ತಾಳೆ. ಜೀವನದಲ್ಲಿ ಹಾಗೆ ಹೇಳುವುದೇ ಸರಿ, ಮಗು ತನ್ನ ತಪ್ಪು ಅಂದುಕೊಂಡು ಒಳಗೇ ಇಟ್ಟುಕೊಳ್ಳಬಾರದು. ಕಥೆಯಲ್ಲಿ ಮಾತ್ರ ಅದನ್ನು ಪುಟದ ಆಚೆಗೆ ಬಿಡಿ, ಏಕೆಂದರೆ ಓದುಗರು ಅಷ್ಟು ಹೊತ್ತು ತಮ್ಮ ಒಳಗೇ ಹಿಡಿದುಕೊಂಡದ್ದನ್ನು ಅಪ್ಪ ಕಿತ್ತುಕೊಂಡಂತೆ ಆಗುತ್ತದೆ. ಅವಳ ತಪ್ಪು ಕಾರಣ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಯವರೆಗೂ ಹೋಗಿ. ಅವಳ ಕೆಲಸ ದೊಡ್ಡವರೊಬ್ಬರ ಕಣ್ಣಿಗೆ ಬೀಳಲಿ, ಆ ದೊಡ್ಡವರಿಗೆ ಒಂದೇ ಸಲಕ್ಕೆ ಎಲ್ಲ ಅರ್ಥವಾಗಲಿ, ಹುಡುಗಿಗೆ ಅವರಿಗೆ ಅರ್ಥವಾದದ್ದು ಅರ್ಥವಾಗದೇ ಇರಲಿ. ನಮ್ಮ ಕಥೆಯ ಶನಿವಾರ ಹೀಗಿದೆ:

"ಗೊಂಬೆಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದೆ. ಪುಸ್ತಕದ ಡಬ್ಬ ಬಾಗಿಲ ಹಿಂದೆ ಇಟ್ಟೆ. ಗೋಡೆ ಪಕ್ಕ ನಾಲ್ಕು ಹೆಜ್ಜೆ ಜಾಗ ಆಯ್ತು. ತೊಟ್ಟಿಲಿಗೆ ಮೂರೇ ಹೆಜ್ಜೆ ಸಾಕು, ಅಟ್ಟಕ್ಕೆ ಹೋಗುವ ಮೊದಲು ನಾನು ಅಳೆದಿದ್ದೆ. ಅಮ್ಮನನ್ನು ಕರೆದೆ. ಬಾಗಿಲಲ್ಲೇ ನಿಂತಳು. ಇಷ್ಟು ಜಾಗ ಇದೆ, ಪಾಪುಗೆ ಹೇಳು ಅಂದೆ. ಅಮ್ಮ ಏನೂ ಹೇಳಲಿಲ್ಲ. ಒಳಗೆ ಬಂದು ಆ ಜಾಗದಲ್ಲೇ ಕೂತುಬಿಟ್ಟಳು. ಅಲ್ಲಿ ಕೂರಬೇಡಮ್ಮ, ಅದು ಖಾಲಿ ಇರಬೇಕು ಅಂದೆ."